5ನೇ ಕ್ಲಾಸ್ ಪಾಲಕರಿಗೆ: ಮನಿ ನೀರಿನ ಲೆಕ್ಕದ ಪ್ರಾಜೆಕ್ಟ್

ಪಾಲಕರಿಗೆಲ್ಲಾ ನಮಸ್ಕಾರ್ರಿ,

ಬರೋ ಸೋಮವಾರದಿಂದ ಎರಡ ವಾರ ನಮ್ಮ ಹುಡುಗ್ರು ಮನ್ಯಾಗಿನ ನೀರಿನ ಮ್ಯಾಲೆ ಒಂದು ಪ್ರಾಜೆಕ್ಟ್ ಮಾಡ್ತಾರ್ರಿ. ಚಾರ್ಟ್, ಥರ್ಮಾಕೋಲ್, ಸ್ಟಿಕರ್ ಏನೂ ತರೂದು ಬ್ಯಾಡ, ರಾತ್ರಿ ಒಂಬತ್ತಕ್ಕ ಸ್ಟೇಷನರಿ ಅಂಗಡಿಗೆ ಓಡೂದೂ ಬ್ಯಾಡ. ಒಂದು ಲೀಟರಿನ ಖಾಲಿ ಬಾಟ್ಲಿ, ಒಂದು ಪೆನ್ಸಿಲ್, ಮತ್ತ ನಿಮ್ಮ ತಾಳ್ಮಿ ಇಷ್ಟಿದ್ರ ಸಾಕು.

ಸಾಲ್ಯಾಗ ನಾವು ನೀರು ಎಲ್ಲಿಂದ ಬರ್ತಾವ ಅನ್ನೋದನ್ನ ನೋಡ್ತೀವಿ. ಸವದತ್ತಿ ಹತ್ರ ನವಿಲುತೀರ್ಥದ ಮಲಪ್ರಭಾ ಡ್ಯಾಮು, ಕಲಘಟಗಿ ಕಡೆ ನೀರಸಾಗರ, ಅಲ್ಲಿಂದ ಪಂಪ್ ಮಾಡಿ, ಸೋಸಿ, ಟಾಕಿಗೆ ಏರಿಸಿ ನಿಮ್ಮ ನಳಕ್ಕ ಬರೂತನಕ ಅದಕ್ಕ ಎಷ್ಟ ಕರೆಂಟು, ಎಷ್ಟ ಮಂದಿ ಕೆಲಸ ಬೇಕು ಅಂತ. ಹುಬ್ಬಳ್ಳಿ-ಧಾರವಾಡದಾಗ 2008ರ ಹೊತ್ತಿಗೆ ಕೆಲವು ವಾರ್ಡಿಗೆ 24 ತಾಸು ನೀರು ಶುರು ಆದ್ರೂ ಇನ್ನೂ ಬ್ಯಾರೆ ಓಣ್ಯಾಗ ವಾಲ್ ಬಿಡೋ ದಾರಿ ಕಾಯೂದು ನಿಮಗ ಗೊತ್ತೇ ಐತಿ. ಒಂದ ಕ್ಲಾಸಿನ್ಯಾಗ ಎರಡೂ ಥರದ ಮನಿ ಹುಡುಗ್ರು ಅದಾರ, ಹಿಂಗಾಗಿ ಈ ಪಾಠ ಪುಸ್ತಕದಾಗಕಿಂತ ಮನ್ಯಾಗ ಚಲೋ ತಿಳೀತೈತಿ ಅಂತ ನನಗ ಅನಿಸೇತಿ.

ಮನ್ಯಾಗಿನ ಮೊದಲ ಕೆಲಸ ಅಂದ್ರ ಅಳತಿ. ರವಿವಾರ ನಿಮ್ಮ ಹುಡುಗ ಅಥವಾ ಹುಡುಗಿ ಲೀಟರ್ ಬಾಟ್ಲಿ ಹಿಡಕೊಂಡು ಕೊಡ ಎಷ್ಟು, ಸ್ನಾನದ ಬಕೇಟ ಎಷ್ಟು, ತಂಬಿಗಿ ಎಷ್ಟು ಅಂತ ಸುರುವಿ ಸುರುವಿ ನೋಡ್ತಾರ. ಆ ನೀರು ಚೆಲ್ಲೂದಿಲ್ಲ, ತಿರುಗಿ ಅದ ಕೊಡಕ್ಕ ಹೋಗಬೇಕು, ಇದನ್ನ ನಾ ಕ್ಲಾಸಿನ್ಯಾಗ ನಾಕ್ ಸಲ ಹೇಳೇನಿ, ನೀವೂ ಒಂದ್ ಸಲ ಹೇಳ್ರಿ. ಬಕೇಟಿನ ಮ್ಯಾಲೆ ಬರದಿದ್ದನ್ನ ನೋಡಿ ಬರದ್ರ ನಡ್ಯಂಗಿಲ್ಲ, ಯಾಕಂದ್ರ ನಾವು ಯಾರೂ ಕಂಟದ ತನಕ ತುಂಬ್ಸಂಗಿಲ್ಲ.

ಸೋಮವಾರದಿಂದ ಏಳ ದಿನ ಬಚ್ಚಲ ಬಾಗಿಲಿಗೆ ಒಂದು ಹಾಳಿ, ಅಡಗಿಮನ್ಯಾಗ ಒಂದು ಹಾಳಿ ಅಂಟಿಸ್ರಿ. ಒಂದು ಬಕೇಟ ಖಾಲಿ ಆದ್ರ ಒಂದು ಗೀಟು, ಅಷ್ಟ. ಮುಂಜಾನೆ ಡಬ್ಬಿ ಕಟ್ಟೋ ಗದ್ದಲದಾಗ ಒಂದೆರಡು ಗೀಟು ತಪ್ಪಿದ್ರ ತಪ್ಪಲಿ. ನಳಾ ಬಂದ ದಿನ ಎಷ್ಟಕ್ಕ ಬಂದ್ವು, ಎಷ್ಟಕ್ಕ ಹೋದ್ವು, ಏನೇನ್ ತುಂಬಿಟ್ರಿ ಅನ್ನೋದನ್ನ ಬ್ಯಾರೆ ಬರೀಬೇಕು. ಎಲ್ಲರೆ ನಳ ಸೋರತಿದ್ರ ರಾತ್ರಿ ಅದರ ಕೆಳಗ ಒಂದು ಪಾತೇಲಿ ಇಟ್ಟು ಮುಂಜಾನೆ ಅಳೀಲಿ, ಹುಡುಗ್ರಿಗೆ ಇದು ಭಾಳ ಸೇರ್ತೈತಿ. ಆರ್‌ಓ ಫಿಲ್ಟರ್ ಇದ್ದವರು ಅದರ ವೇಸ್ಟ್ ಪೈಪಿಗೂ ಒಂದು ಕೊಡ ಹಚ್ಚಿ ನೋಡ್ರಿ.

ಒಂದು ಕೈಮುಗಿದು ಹೇಳೋ ಮಾತ್ರಿ, ಹಾಳಿ ನೀವು ತುಂಬಬ್ಯಾಡ್ರಿ. ಹಿಂದೊಮ್ಮೆ ಇದ ಕೆಲಸ ಕೊಟ್ಟಾಗ ಒಂದು ಹುಡುಗ ಒಬ್ಬೊಬ್ಬರಿಗೆ ದಿನಕ್ಕ 135 ಲೀಟರ್ ಅಂತ ಏಳೂ ದಿನ ಅದ ನಂಬರ್ ಬರಕೊಂಡ ಬಂದಿದ್ದ. ಅದು ಸಿಟಿ ಮನಿಗೆ ನೀರಿನ ಪ್ಲ್ಯಾನ್ ಮಾಡೂವಾಗ ಇಟಗೊಳ್ಳೋ ಲೆಕ್ಕ, ಫೋನಿನ್ಯಾಗ ಹುಡುಕಿದ್ರ ಸಿಗ್ತೈತಿ. ನನಗ ನಿಮ್ಮ ಮನಿ ಲೆಕ್ಕ ಬೇಕ್ರಿ, ಅದು 60 ಇರಲಿ 200 ಇರಲಿ. ಜಾಸ್ತಿ ಬಂತು ಅಂತ ಯಾರಿಗೂ ಬೈಯಂಗಿಲ್ಲ, ಕಡಿಮಿ ಬಂತು ಅಂತ ಶಭಾಷ್‌ಗಿರಿನೂ ಇಲ್ಲ, ಯಾಕಂದ್ರ ಕೆಲವು ಮನ್ಯಾಗ ಕಡಿಮಿ ಬಳಸೂದು ನೀರು ಇಲ್ಲದ್ದಕ್ಕ. ಹಾಳಿ ಮ್ಯಾಲೆ ಹೆಸರೂ ಬ್ಯಾಡ, ರೋಲ್ ನಂಬರ್ ಸಾಕು, ಬೋರ್ಡಿನ ಮ್ಯಾಲೆ ಬರ್ಯೂವಾಗ ಅದನ್ನೂ ತಗೀತೀನಿ.

ಹುಡುಗ್ರು ಸಂಪಿನ ಮುಚ್ಚಳ ತಗೀಬಾರದು, ಟಾಕಿ ಹತ್ತಬಾರದು, ಕಾಯ್ದ ನೀರು ಅಳೀಬಾರದು, ತುಂಬಿದ ಕೊಡ ಹೊರಬಾರದು. ಆಮ್ಯಾಲೆ ಗೀಟು ಹಾಕೂದು, ನಳ ಬಂದ್ ಮಾಡೂದು ಹುಡುಗ್ಯಾರ ಕೆಲಸ ಅಂತ ಮನ್ಯಾಗ ಯಾರೂ ಹೇಳಬ್ಯಾಡ್ರಿ, ಕೇಳಿದ್ರ ನನಗ ಸಿಟ್ಟ ಬರ್ತೈತಿ.

ಎರಡನೇ ವಾರ ಹುಡುಗ್ರು ತಾವ ಒಂದು ಬದಲಾವಣಿ ಆರಿಸ್ಕೊತಾರ. ಅಕ್ಕಿ ತೊಳದ ನೀರು ಹೂವಿನ ಕುಂಡಕ್ಕ ಹಾಕೂದು ಇರಬಹುದು, ಷವರ್ ಬಿಟ್ಟು ಬಕೇಟಿಗೆ ಬರೂದು ಇರಬಹುದು. ಇನ್ನ ತುಂಬಿಟ್ಟ ನೀರಿನ ಮಾತು: ಡೆಂಗ್ಯೂ ಸೊಳ್ಳಿ ತತ್ತಿಯಿಂದ ಸೊಳ್ಳಿ ಆಗಾಕ ಸುಮಾರು ವಾರ ಹತ್ತ ದಿನ ಸಾಕು, ಅದಕ್ಕ ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ ಒಳಗಿನ ಬದಿ ತಿಕ್ಕಬೇಕು, ಮುಚ್ಚಿ ಇಡಬೇಕು. ಮುಚ್ಚಳ ನೋಡೋ ಡ್ಯೂಟಿ ಹುಡುಗ್ರಿಗೆ ಕೊಟ್ಟೀವಿ, ದಿನಾ ತಪಾಸಣಿ ಮಾಡಾಕ ಬಂದ್ರ ನಗಬ್ಯಾಡ್ರಿ.

ಅಜ್ಜ-ಅಮ್ಮ ಮನ್ಯಾಗ ಇದ್ರ ಒಂದು ಸಂಜೆ ಅರ್ಧ ತಾಸು ಕೂಡಿಸಿ ಕೊಡ್ರಿ, ಅವರ ಕಾಲಕ್ಕ ನೀರು ಯಾವ ಬಾವಿ, ಯಾವ ಕೆರಿಯಿಂದ, ಯಾರು ತರತಿದ್ರು ಅಂತ ಹುಡುಗ್ರು ಕೇಳ್ತಾರ.

ಎರಡನೇ ವಾರದ ಶುಕ್ರವಾರ ಮಧ್ಯಾಹ್ನ 3 ಗಂಟೆಕ್ಕ ಕ್ಲಾಸಿನ್ಯಾಗ ಎಲ್ಲಾ ಲೆಕ್ಕ ಹಚ್ಚತೀವಿ, ಆದವರು ಬರ್ರಿ. ಹುಡುಗ್ರ ಕೈಯಾಗ ಮನ್ಯಾಗ ಅಳದ ಒಂದು ಖಾಲಿ ಕೊಡ ಕೊಟ್ಟ ಕಳಸ್ರಿ, ಸಾಲಾಗಿ ಇಟ್ಟು ಯಾರ ಕೊಡ ದೊಡ್ಡದು ಅಂತ ನೋಡೋಣು. ಸಂಜಿಕ ವಾಪಸ್ ಕಳಸೋ ಜವಾಬ್ದಾರಿ ನಂದು, ಗುರ್ತಿಗೆ ಒಂದು ದಾರ ಕಟ್ಟಿರ್ರಿ.

ನಿಮ್ಮ
5ನೇ ಕ್ಲಾಸ್ ಟೀಚರ್