ಶಿವಕುಮಾರ್ ಅವರ ತಾಯಿಯವರ ಅಗಲಿಕೆಗೆ ಸಾಲ ವಿಭಾಗದ ಸಹೋದ್ಯೋಗಿಗಳ ಸಂತಾಪ ಪತ್ರ

ದಾವಣಗೆರೆ
ಮಾರ್ಚ್ 12

ಆತ್ಮೀಯ ಶಿವಕುಮಾರ್ ಅವರಿಗೆ,

ನಿಮ್ಮ ಪೂಜ್ಯ ತಾಯಿಯವರು ಸೋಮವಾರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ನಿಮ್ಮ ಮನೆಯಲ್ಲೇ ಲಿಂಗೈಕ್ಯರಾದ ಸುದ್ದಿ ತಿಳಿದು ನಮಗೆಲ್ಲ ತೀವ್ರ ದುಃಖವಾಗಿದೆ. ಆ ಹೊತ್ತಿಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತೋಚಿದ್ದನ್ನು ಒಂದೊಂದು ಸಾಲಿನಲ್ಲಿ ಬರೆದೆವು. ಕೆಲವರು ಕೈಮುಗಿದ ಚಿತ್ರವನ್ನಷ್ಟೇ ಕಳಿಸಿದರು. ಅವುಗಳ ಹಿಂದಿದ್ದ ನೋವು ನಿಜವಾದದ್ದೇ. ಆದರೂ ಊರಿನ ಎಷ್ಟೋ ಮಕ್ಕಳನ್ನು ತಮ್ಮವರೆಂದು ಬೆಳೆಸಿದ ಆ ತಾಯಿಗೆ ಅಷ್ಟು ಅವಸರದ ಮಾತು ಸಲ್ಲದೆಂದು ನಮಗೆಲ್ಲ ಅನ್ನಿಸಿದ್ದರಿಂದ, ಅಂದು ಹೇಳಿದ್ದನ್ನೂ ಹೇಳಲಾಗದೆ ಉಳಿದದ್ದನ್ನೂ ಒಟ್ಟುಗೂಡಿಸಿ ಈ ಪತ್ರ ಬರೆಯುತ್ತಿದ್ದೇವೆ.

ಕಳೆದ ಎರಡು ವರ್ಷಗಳಲ್ಲಿ ನೀವು ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದುದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ನಸುಕಿನಲ್ಲಿ ಊರಿನಿಂದ ಹೊರಟು, ನಾಲ್ಕು ತಾಸು ಆಸ್ಪತ್ರೆಯಲ್ಲಿ ಕುಳಿತು, ಅವರನ್ನು ತಂಗಿಯ ಜೊತೆ ವಾಪಸು ಕಳಿಸಿ, ಮಧ್ಯಾಹ್ನ ಕೌಂಟರಿಗೆ ಬಂದು ರೈತರೊಂದಿಗೆ ಎಂದಿನ ಸಮಾಧಾನದಲ್ಲೇ ಮಾತನಾಡುತ್ತಿದ್ದಿರಿ. "ಇನ್ನೂ ಏನಾದರೂ ಮಾಡಬಹುದಿತ್ತೇನೋ" ಎಂದು ನೀವು ಮಂಗಳವಾರ ನಾಗರತ್ನಾ ಮೇಡಂ ಅವರೊಡನೆ ಫೋನಿನಲ್ಲಿ ಹೇಳಿದಿರಂತೆ. ಒಬ್ಬ ಮಗ ಮಾಡಬಹುದಾದದ್ದನ್ನೆಲ್ಲ ನೀವು ಮಾಡಿದ್ದೀರಿ, ಶಿವಕುಮಾರ್. ಇದು ಸಮಾಧಾನಕ್ಕೆ ಆಡುವ ಮಾತಲ್ಲ. ಕಣ್ಣಾರೆ ಕಂಡವರಾಗಿ ಹೇಳುತ್ತಿದ್ದೇವೆ.

ಅವರನ್ನು ನೋಡಲು ವಾರ್ಡಿಗೆ ಹೋಗಿದ್ದನ್ನು ಮೆಹಬೂಬ್ ಅವರು ನೆನೆದರು. ತಮಗೆ ಕುಡಿಯುವ ನೀರಿಗೂ ಅಳತೆಯಿದ್ದ ಆ ಬೇಸಿಗೆಯಲ್ಲಿ, ಮಂಚದ ಮೇಲೆ ಮಲಗಿದ್ದವರು ಮೊದಲು ಕೇಳಿದ್ದು, "ಬಿಸಿಲಾಗ ಬಂದೀರಿ, ನೀರು ಕುಡದ್ರೇನ್ರಿ? ಊಟ ಆತೇನ್ರಿ?" ಎಂದು. ಪ್ರತಿ ಸೋಮವಾರ ನಿಮ್ಮ ಚೀಲದಲ್ಲಿ ನಮ್ಮೆಲ್ಲರಿಗಾಗಿ ಬರುತ್ತಿದ್ದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳ ಋಣವನ್ನು ದೇವೇಂದ್ರಪ್ಪನವರು ನೆನೆದು ಮಾತು ಮುಂದುವರಿಸಲಾಗದೆ ಸುಮ್ಮನಾದರು. ಮುಖ ನೋಡದಿದ್ದವರಿಗೂ ಅವರು ಅವ್ವನೇ ಆಗಿದ್ದರು.

ಅನಿತಾ ಅವರು ಬರೆದದ್ದನ್ನು ತುಸು ವಿಸ್ತಾರವಾಗಿಯೇ ಇಲ್ಲಿ ಸೇರಿಸಬೇಕು, ಏಕೆಂದರೆ ನಮ್ಮಲ್ಲಿ ಹಲವರಿಗೆ ಅದು ತಿಳಿದಿರಲಿಲ್ಲ. ಅವರ ಚಿಕ್ಕಮ್ಮನ ಮಕ್ಕಳಿಬ್ಬರೂ ನಿಮ್ಮ ತಾಯಿಯವರ ಅಂಗನವಾಡಿಯಲ್ಲಿ ಬೆಳೆದವರು. ಕಿರಿಯವನ ತೂಕ ಏರದೆ ಇದ್ದಾಗ ನಿಮ್ಮ ತಾಯಿಯವರು ತಿಂಗಳ ತೂಕವನ್ನು ಪುಸ್ತಕದಲ್ಲಿ ಬರೆದು ಕೈಬಿಡದೆ, ಸಂಜೆ ಮನೆಗೇ ಬಂದು ಮಗುವಿಗೆ ಗಂಜಿ ಉಣಿಸುವ ಬಗೆಯನ್ನು ತಾವೇ ಕುಳಿತು ತೋರಿಸಿದರಂತೆ. ಕೊನೆಗೆ ತಾಲ್ಲೂಕು ಆಸ್ಪತ್ರೆಗೂ ತಾವೇ ಜೊತೆಗೆ ಹೋದರಂತೆ. ಅತ್ಯಲ್ಪ ಗೌರವಧನದಲ್ಲಿ ದಶಕಗಳ ಕಾಲ ಈ ಕೆಲಸ ಮಾಡಿದವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಆ ಹುಡುಗ ಈಗ ಹಾವೇರಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಅಂತ್ಯಸಂಸ್ಕಾರದ ದಿನ ಸಮಾಧಿಗೆ ಮಣ್ಣು ಹಾಕಿದವರಲ್ಲಿ ಅವನೂ ಇದ್ದನೆಂದು ಅನಿತಾ ತಿಳಿಸಿದ್ದಾರೆ.

ಕಚೇರಿಯ ಕೆಲಸದ ಬಗ್ಗೆ ದಯವಿಟ್ಟು ಚಿಂತಿಸಬೇಡಿ. ಮಾರ್ಚ್ ಅಂತ್ಯದ ಬೆಳೆ ಸಾಲ ನವೀಕರಣದ ನಿಮ್ಮ ಕಡತಗಳನ್ನು ನಾಗರತ್ನಾ ಮೇಡಂ ಮತ್ತು ಮೆಹಬೂಬ್ ಹಂಚಿಕೊಂಡಿದ್ದಾರೆ. ನಿಮ್ಮ ರಜೆಯನ್ನು ವ್ಯವಸ್ಥಾಪಕರು ಈಗಾಗಲೇ ಮಂಜೂರು ಮಾಡಿದ್ದು, ಅಗತ್ಯವಿದ್ದರೆ ಮುಂದುವರಿಸಲು ಒಂದು ಫೋನ್ ಕರೆ ಸಾಕೆಂದು ಹೇಳಿದ್ದಾರೆ. ಈ ಹೊತ್ತಿನಲ್ಲಿ ಹೇಳಲು ಸಂಕೋಚವಾದರೂ ಒಂದು ವಿಷಯವನ್ನು ನೆನಪಿಸುತ್ತೇವೆ: ಮರಣವು ಮನೆಯಲ್ಲಿ ಸಂಭವಿಸಿರುವುದರಿಂದ 21 ದಿನಗಳೊಳಗೆ ಮನೆಯವರೇ ಅದನ್ನು ನೋಂದಾಯಿಸಬೇಕು. ಮುಂದೆ ಬ್ಯಾಂಕ್ ಖಾತೆಗೂ ಹೊಲದ ಪೌತಿ ಖಾತೆಗೂ ಆ ಪ್ರಮಾಣಪತ್ರ ಬೇಕಾಗುತ್ತದೆ. ನೀವು ಒಪ್ಪಿದರೆ ಈ ಓಡಾಟಕ್ಕೆ ದೇವೇಂದ್ರಪ್ಪನವರು ನಿಮ್ಮ ತಂಗಿಯವರ ಜೊತೆಗಿರುತ್ತಾರೆ.

ಶಿವಗಣಾರಾಧನೆಯ ದಿನ ನಾವೆಲ್ಲರೂ ಬೆಳಿಗ್ಗೆಯೇ ಬರುತ್ತೇವೆ. ನಮ್ಮನ್ನು ಅತಿಥಿಗಳೆಂದು ಭಾವಿಸದೆ, ಬಡಿಸುವುದಕ್ಕೋ ಬಂದವರನ್ನು ನೋಡಿಕೊಳ್ಳುವುದಕ್ಕೋ ಹಚ್ಚಿರಿ. ಈ ಪತ್ರಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ. ಮಾತನಾಡಬೇಕೆನಿಸಿದರೆ ನಮ್ಮಲ್ಲಿ ಯಾರಿಗಾದರೂ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ.

ನಿಮ್ಮ ತಂದೆಯವರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸಿ. ನಿಮಗೂ ತಂಗಿಯವರಿಗೂ ಈ ದುಃಖವನ್ನು ಭರಿಸುವ ಶಕ್ತಿ ದೊರೆಯಲಿ ಎಂದು ಪ್ರಾರ್ಥಿಸುತ್ತೇವೆ.

ನಿಮ್ಮ ದುಃಖದಲ್ಲಿ ಭಾಗಿಗಳಾದ,
ನಾಗರತ್ನಾ, ಮೆಹಬೂಬ್, ಅನಿತಾ, ದೇವೇಂದ್ರಪ್ಪ
ಹಾಗೂ ಸಾಲ ವಿಭಾಗದ ಎಲ್ಲ ಸಹೋದ್ಯೋಗಿಗಳು