60 ಅಡಿ ಕಾರ್ಬನ್ ಫೈಬರ್ ದೋಟಿ: ಎರಡು ಮಳೆಗಾಲ, ಒಂದು ಕೊನೆಕೊಯ್ಲು ಆದ ಮೇಲೆ

ನಮ್ಮದು ಶಿರಸಿಯಿಂದ ಯಲ್ಲಾಪುರದ ಕಡೆ ಇರುವ ಎರಡು ಎಕರೆ ಅಡಿಕೆ ತೋಟ. ಅರ್ಧ ತೋಟ ಅಜ್ಜನ ಕಾಲದ ಮರಗಳು, ಆಕಾಶ ಮುಟ್ಟುವ ಹಾಗಿವೆ. ಉಳಿದರ್ಧ ನಾನು ನೆಟ್ಟಿದ್ದು, ಮೂವತ್ತೈದು ನಲವತ್ತು ಅಡಿ ಆಗಿವೆ. 2024ರ ಮೇ ತಿಂಗಳಲ್ಲಿ ಈ ದೋಟಿ ತಗೊಂಡೆ. ಮದ್ದು ಹೊಡೆಯುವ ಪೈಪು, ನಳಿಕೆ, ಕೊಯ್ಯುವ ಕತ್ತಿ ಎಲ್ಲ ಸೇರಿ 68 ಸಾವಿರ ಆಯ್ತು. ತಗೊಳ್ಳುವ ಮೊದಲು ನೋಡಿದ ವಿಡಿಯೋಗಳಲ್ಲೆಲ್ಲ ಒಬ್ಬನೇ ಮನುಷ್ಯ ನಗುನಗುತ್ತಾ ಅಡಿಕೆ ಕೊನೆ ಇಳಿಸುತ್ತಿದ್ದ. ಅದನ್ನು ನಂಬಿದ್ದು ನನ್ನ ತಪ್ಪು.

ಮೊದಲು ಉದ್ದದ ವಿಷಯ. ಅಂಗಳದಲ್ಲಿ ಪೂರ್ತಿ ಬಿಚ್ಚಿ ಮಲಗಿಸಿ ಟೇಪು ಹಿಡಿದೆ. 57 ಅಡಿ ಚಿಲ್ಲರೆ ಬಂತು. ಒಂದು ಕೊಳವೆಯ ಬುಡ ಇನ್ನೊಂದರೊಳಗೆ ಸ್ವಲ್ಪ ಕೂತಿರಲೇಬೇಕಲ್ಲ, ಅಲ್ಲಿ ಕಡಿಮೆಯಾಗುತ್ತೆ. ಸರಿ, ಕೈ ಎತ್ತಿ ಹಿಡಿದರೆ ಅದು ಸರಿಹೋಗುತ್ತೆ ಅಂದುಕೊಂಡೆ. ಆದರೆ ಮರದ ಬುಡಕ್ಕೆ ನಿಂತು ನೆಟ್ಟಗೆ ಎತ್ತೋಕೆ ಆಗಲ್ಲ, ಬೀಳುವ ಕೊನೆ ತಲೆ ಮೇಲೇ ಬರುತ್ತೆ. ಸ್ವಲ್ಪ ದೂರ ನಿಂತು ಓರೆ ಮಾಡಿಯೇ ಹಿಡಿಯಬೇಕು. ಹಾಗಾಗಿ ಅಜ್ಜನ ಮರಗಳಲ್ಲಿ ಕಾಲುಭಾಗಕ್ಕೆ ಈ 60 ಅಡಿಯದ್ದೂ ಸಾಲಲಿಲ್ಲ.

ತೂಕ ಐದು ಕಿಲೋ ಅಂತ ಹೇಳಿ ಕೊಟ್ಟರು. ಮನೆ ತಕ್ಕಡಿಯಲ್ಲಿ ಇಟ್ಟೆ, ಸುಳ್ಳಲ್ಲ. ಅಪ್ಪಯ್ಯ ಒಂದೇ ಕೈಯಲ್ಲಿ ಎತ್ತಿ "ಹಗೂರ ಇದ್ದಲಾ!" ಅಂದರು. ಪೂರ್ತಿ ಬಿಚ್ಚಿ ನಿಲ್ಲಿಸಿದ ಮೇಲೆ ಹಾಗೆ ಅನ್ನಲಿಲ್ಲ. ಐದು ಕಿಲೋ ಕೆಳಗಿದ್ದರೆ ಒಂದು ಲೆಕ್ಕ, ಅದೇ ಐವತ್ತು ಅಡಿ ಮೇಲೆ ಗಾಳಿಗೆ ತೂಗುತ್ತಿದ್ದರೆ ಬೇರೆ ಲೆಕ್ಕ. ತುದಿ ಒಂದು ಮಾರು ಆಚೆ ಹೋಯ್ತು ಅಂದರೆ ಬುಡದಲ್ಲಿ ಎರಡೂ ಕೈ ನಡುಗುತ್ತೆ. ನಲವತ್ತು ಅಡಿವರೆಗೆ ಮಾತ್ರ ಬಿಚ್ಚಿದರೆ ನಿಜಕ್ಕೂ ಸುಲಭ, ಬೇಕಾದಲ್ಲಿ ಸರಿಯಾಗಿ ನಿಲ್ಲುತ್ತೆ. ಅಲ್ಲಿಂದ ಮೇಲೆ ಒಂದೊಂದು ಗಂಟು ಬಿಚ್ಚಿದ ಹಾಗೂ ಕಷ್ಟ ಜಾಸ್ತಿ. ಮೊದಲ ವಾರ ಗೋಣು ನೋವಿಗೆ ರಾತ್ರಿ ನಿದ್ದೆ ಬರಲಿಲ್ಲ.

ದುಡ್ಡು ವಸೂಲಾಗಿದ್ದು ಮದ್ದು ಹೊಡೆಯುವುದರಲ್ಲಿ. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಬೀಳಲೇಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಬುಡಕ್ಕೆ. ಮೋಡ ತೆರೆದು ಎರಡು ದಿನ ಬಿಸಿಲು ಬಂತು ಅಂದರೆ ಊರಿನವರೆಲ್ಲ ಮರ ಹತ್ತುವ ಅದೇ ಒಬ್ಬ ಕೊನೆಗೌಡನ ಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಈಗ ಬಿಡುವು ಸಿಕ್ಕ ದಿನ ನಾನು, ಭಾವ ಇಬ್ಬರೇ ಇಳಿಯುತ್ತೇವೆ. ಅವನು ಪಂಪು, ಪೈಪು ನೋಡಿಕೊಳ್ಳುತ್ತಾನೆ, ನಾನು ದೋಟಿ. ಎತ್ತರ ಕಡಿಮೆ ಇರುವ ಕಡೆ ದಿನಕ್ಕೆ ನೂರೈವತ್ತು ಮರ ಆಗುತ್ತೆ. ಒದ್ದೆ ಮರ ಹತ್ತಿ ಯಾರಾದರೂ ಜಾರಿದರೆ ಅನ್ನುವ ಹೆದರಿಕೆಯೂ ಇಲ್ಲ.

ಇದರಲ್ಲೂ ಕಿರಿಕಿರಿ ಇದೆ. ಕೆಳಗಿಂದ ಹೊಡೆದರೆ ಮದ್ದು ಕೊನೆಯ ಒಂದೇ ಮಗ್ಗುಲಿಗೆ ಬೀಳುತ್ತೆ, ಸೋಗೆ ಬುಡದಲ್ಲಿ ಅಡಗಿದ ಕೊನೆಗೆ ಬೀಳಲ್ಲ. ಮೊದಲ ವರ್ಷ ಇದು ಗೊತ್ತಾಗದೆ ಒಂದೇ ಕಡೆ ನಿಂತು ಹೊಡೆದೆ. ಆಗಸ್ಟಿನಲ್ಲಿ ನೋಡಿದರೆ ಅದೇ ಮರಗಳಲ್ಲಿ ಹಿಂದಿನ ಮಗ್ಗುಲಿಗೆ ಕೊಳೆ. ಎರಡನೇ ವರ್ಷ ಪ್ರತಿ ಮರಕ್ಕೂ ಎರಡು ಕಡೆಯಿಂದ ಹೊಡೆದೆವು, ಕೊಳೆ ಬಹಳ ಕಡಿಮೆ ಆಯ್ತು. ಕೆಲಸ ಮಾತ್ರ ಒಂದೂವರೆ ಪಟ್ಟು. ಸುಣ್ಣವನ್ನು ಹಳೆ ಪಂಚೆಯಲ್ಲಿ ಎರಡು ಸಲ ಸೋಸದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತೆ. ಆಗ ಇಡೀ ದೋಟಿ ಇಳಿಸಿ, ಚುಚ್ಚಿ, ಮತ್ತೆ ಏರಿಸಬೇಕು. ನೀಲಿ ಮದ್ದು ತೊಟ್ಟಿಕ್ಕಿ ನನ್ನ ಅಂಗಿಗಳೆಲ್ಲ ಒಂದೇ ಬಣ್ಣಕ್ಕೆ ಬಂದಿವೆ.

ಕೊನೆಕೊಯ್ಲಿಗೆ ನಾನು ಅಷ್ಟು ಅಂಕ ಕೊಡಲ್ಲ. ಕತ್ತಿ ಚೂಪಾಗಿದೆ, ಒಂದೇ ಎಳೆತಕ್ಕೆ ಕೊನೆ ಬರುತ್ತೆ. ಆಮೇಲಿನದ್ದೇ ತಾಪತ್ರಯ. ಕೊನೆಗೌಡ ನೇಣಿನಲ್ಲಿ ಜಾರಿಸಿ ಇಳಿಸಿದರೆ ಕೊನೆ ಇಡಿಯಾಗಿ ಬರುತ್ತಿತ್ತು. ಇಲ್ಲಿ ಇಬ್ಬರು ಬಲೆ ಹಿಡಿದು ನಿಲ್ಲಬೇಕು. ತಪ್ಪಿದರೆ ಕಾಯಿ ಕಾದಿಗೆಯ ತುಂಬ. ಸಂಜೆ ಆಯಿ ಬುಟ್ಟಿ ಹಿಡಿದು ಒಂದೊಂದೇ ಹೆಕ್ಕುವುದನ್ನು ನೋಡಿದರೆ ಪಾಪ ಅನಿಸುತ್ತೆ. ಇನ್ನೊಂದು ಮಾತನ್ನು ನಮ್ಮ ಕೊನೆಗೌಡನೇ ಹೇಳಿದ: "ಹೆಗಡೇರೆ, ಯಾವುದು ಬಲಿತದೆ ಅಂತ ಕೆಳಗಿಂದ ಕಾಣ್ತದಾ ನಿಮ್ಗೆ?" ಕಾಣಲ್ಲ. ಎಳೆ ಕೊನೆ ಹತ್ತಿಪ್ಪತ್ತಾದರೂ ಕೊಯ್ದು ಹಾಕಿದ್ದೇನೆ. ನಮ್ಮದು ಚಾಲಿ, ಕಾಯಿ ಹಣ್ಣಾಗಿಯೇ ಬರಬೇಕು. ಹಾಗಾಗಿ ಎತ್ತರದ ಮರಗಳಿಗೆ ಈಗಲೂ ಅವನನ್ನೇ ಕರೆಯುತ್ತೇನೆ.

ಇದನ್ನು ತಗೊಳ್ಳುವವರು ಕರೆಂಟಿನ ವಿಷಯ ಮೊದಲು ತಿಳಿದುಕೊಳ್ಳಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತೆ. ನೋಡೋಕೆ ಪ್ಲಾಸ್ಟಿಕ್ಕಿನ ಹಾಗೆ ಕಂಡರೂ ಪ್ಲಾಸ್ಟಿಕ್ಕಲ್ಲ. ನಮ್ಮ ತೋಟದ ತಲೆಕಡೆ ಲೈನು ಹಾದು ಹೋಗಿದೆ. ಅಲ್ಲಿ ದೋಟಿ ಬಿದ್ದರೂ ತಂತಿಗೆ ತಾಗಬಹುದಾದ ಮರಗಳಿಗೆಲ್ಲ ಕೆಂಪು ಬಟ್ಟೆ ಕಟ್ಟಿದ್ದೇನೆ, ಅಲ್ಲಿ ದೋಟಿ ಎತ್ತುವುದೇ ಇಲ್ಲ. ಪೆಟ್ಟಿಗೆಯಲ್ಲಿ ಬಂದ ಪುಸ್ತಕದಲ್ಲಿ ಈ ಎಚ್ಚರಿಕೆ ಕೊನೆ ಪುಟದಲ್ಲಿ ಇರುವೆ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಇತ್ತು. ಮಾರಿದವರೂ ಬಾಯಿ ಬಿಟ್ಟು ಹೇಳಲಿಲ್ಲ. ಇದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಗಂಟುಗಳಲ್ಲಿರುವ ಬಿಗಿಸುವ ಕ್ಲಾಂಪು ಇದರ ಬಡಪಾಯಿ ಭಾಗ. ಸುಣ್ಣ, ಮಣ್ಣು ಕೂತು ಜಾರೋಕೆ ಶುರುವಾಗುತ್ತೆ. ಮೊದಲ ಜುಲೈನಲ್ಲೇ ಒಂದು ಮುರಿಯಿತು. ಬದಲಿ ಬರೋಕೆ 19 ದಿನ ತಗೊಂಡರು. ಆ 19 ದಿನದಲ್ಲಿ ಮೂರು ದಿನ ಚೆನ್ನಾಗಿ ಬಿಸಿಲು ಬಿದ್ದಿತ್ತು! ಆಮೇಲೆ ಎರಡು ಕ್ಲಾಂಪು ಜಾಸ್ತಿ ತರಿಸಿ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ದಿನಾ ಸಂಜೆ ನೀರು ಹೊಡೆದು ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಅಟ್ಟದ ಮೇಲೆ ಮಲಗಿಸುವುದು ಅಭ್ಯಾಸ ಆಗಿದೆ. ಕೊಳವೆಗೆ ಮಾತ್ರ ಇವತ್ತಿನವರೆಗೂ ಏನೂ ಆಗಿರಲಿಲ್ಲ ಅಂತ ಬರೆಯಬೇಕು ಅಂತಿದ್ದೆ. ಆದರೆ ಹೋದ ಮೇ ತಿಂಗಳಲ್ಲಿ ಅಪ್ಪಯ್ಯ ಹಲಸಿನ ಹಣ್ಣು ಕೊಯ್ಯೋಕೆ ಅದನ್ನೇ ಹಾಕಿ ತಿರುಚಿದರು. ತುದಿಯ ಕೊಳವೆ ಸೀಳಿತು. ನೆಟ್ಟಗೆ ಎಳೆದರೆ ಎಷ್ಟು ಬೇಕಾದರೂ ತಡೆಯುತ್ತೆ, ತಿರುಚಿದರೆ ತಡೆಯಲ್ಲ. ಸೀಳಿದ ಜಾಗ ಬರಿಗೈಯಲ್ಲಿ ಮುಟ್ಟಬೇಡಿ, ಸಣ್ಣ ಸಣ್ಣ ಸಿಬಿರು ಚರ್ಮದೊಳಗೆ ಹೋಗಿ ಎರಡು ದಿನ ತುರಿಸುತ್ತೆ. ಹೊಸ ತುದಿಗೆ 4,200 ಕೊಟ್ಟೆ. ಇಂಥದ್ದಕ್ಕೆ ವಾರಂಟಿ ಇಲ್ಲ, ಅದು ನ್ಯಾಯವೇ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಇವತ್ತು ಮತ್ತೆ ತಗೊಳ್ಳುವುದಾದರೆ 50 ಅಡಿಯದ್ದನ್ನು ತಗೊಳ್ಳುತ್ತೇನೆ. ಮೇಲಿನ ಹತ್ತು ಅಡಿಯನ್ನು ನಾನು ಬಿಚ್ಚಿದ್ದೇ ಕಡಿಮೆ, ಅದರ ದುಡ್ಡು ಮಾತ್ರ ಪೂರ್ತಿ ಕೊಟ್ಟೆ. ಸಹಾಯಧನ ಸಿಗುತ್ತಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ಕೇಳಿಯೇ ತಗೊಳ್ಳಿ. ನಾನು ಮಳೆ ಬಂದುಬಿಡುತ್ತೆ ಅಂತ ಅವಸರದಲ್ಲಿ ತಗೊಂಡು ಆಮೇಲೆ ಕೇಳೋಕೆ ಹೋದವನು. ಶಿರಸಿ ಸುತ್ತಮುತ್ತಲಿನವರು ಯಾರಾದರೂ ಕೊಳ್ಳುವ ಮೊದಲು ಹಿಡಿದು ನೋಡಬೇಕು ಅಂದರೆ ಬನ್ನಿ. ಬರುವಾಗ ಒಂದು ಹೆಲ್ಮೆಟ್ಟು ತನ್ನಿ, ನಮ್ಮ ಮನೆಯಲ್ಲಿ ಇರುವುದು ಎರಡೇ.