ಇವತ್ತು ಎಷ್ಟು ಗೋಡಂಬಿ?

ಧನುರ್ಮಾಸದ ಚಳಿ ನಿಮಗೆ ಗೊತ್ತಲ್ಲ ಮಕ್ಕಳೇ? ಬಾಯಿ ತೆರೆದರೆ ಹೊಗೆ ಬರುತ್ತೆ. ಅಂಥ ಚಳಿಯಲ್ಲೂ ಪುಟ್ಟರಾಜು ಕತ್ತಲಿರುವಾಗಲೇ ಎದ್ದು, ಸ್ನಾನ ಮಾಡಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ರಂಗನಾಥಸ್ವಾಮಿ ಗುಡಿಗೆ ಓಡುತ್ತಿದ್ದ. ಮಂಗಳಾರತಿ ಆಗುತ್ತಿದ್ದಂತೆ ಹುಗ್ಗಿ ಪ್ರಸಾದದ ಸಾಲಿನಲ್ಲಿ ಅವನೇ ಮೊದಲು.

ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ಮೇಲೆ ಘಮಘಮ ತುಪ್ಪ. ನಡುನಡುವೆ ಹುರಿದ ಗೋಡಂಬಿ! ಮನೆಗೆ ಬಂದ ಕೂಡಲೇ ಹಾಸಿಗೆಯಲ್ಲಿರುವ ತಾತ ಕೇಳುತ್ತಿದ್ದರು, "ಇವತ್ತು ಎಷ್ಟು ಗೋಡಂಬಿನೋ?" ಪುಟ್ಟರಾಜು ಲೆಕ್ಕ ಒಪ್ಪಿಸುತ್ತಿದ್ದ. ನಾಲ್ಕು. ಎರಡು. ಒಂದು ದಿನ ಆರು!

ಆವತ್ತೂ ದೊನ್ನೆ ಹಿಡಿದು ಗುಡಿಯ ಜಗಲಿ ಮೇಲೆ ಕೂತು ಎಣಿಸತೊಡಗಿದ. ಒಂದು, ಎರಡು, ಮೂರು...

"ಮುಗಿದೇಹೋಯ್ತಲ್ಲಮ್ಮ! ಸ್ವಲ್ಪ ಬೇಗ ಬರಬಾರದೇ?" ಒಳಗಿಂದ ಅರ್ಚಕರ ದನಿ.

"ಮಾಲೆ ಕಟ್ಟಿ ಮುಗೀಬೇಕಲ್ಲ ಸ್ವಾಮಿ."

ಹೂವಿನ ಗೌರಿ. ಅಮ್ಮನ ಜೊತೆ ಕತ್ತಲಲ್ಲೇ ಬಂದು ಗುಡಿಯ ಬಾಗಿಲಲ್ಲಿ ತುಳಸಿ ಕಟ್ಟುವ ಹುಡುಗಿ. ಅವಳು ಬಂದು ಅದೇ ಜಗಲಿ ಮೇಲೆ ಕೂತು, ಬೆರಳುಗಳಿಗೆ ಉಫ್ ಉಫ್ ಎಂದು ಊದಿಕೊಂಡಳು. ಬೆರಳ ತುದಿಯೆಲ್ಲ ಹಸಿರಾಗಿತ್ತು.

ಪುಟ್ಟರಾಜು ಮೆಲ್ಲಗೆ ಆ ಕಡೆ ತಿರುಗಿ ಕೂತ. ತಿರುಗಿದರೆ ಎದುರಿಗೆ ದೇವರು! ಕೊರಳಿಂದ ಪಾದದವರೆಗೆ ದಟ್ಟವಾದ ತುಳಸಿಮಾಲೆ, ಒಂದು ಎಳೆಯೂ ಸಡಿಲವಿಲ್ಲ. ಅವನು ದೊನ್ನೆ ನೋಡಿದ. ಮಾಲೆ ನೋಡಿದ. ಮತ್ತೆ ದೊನ್ನೆ ನೋಡಿದ.

"ನಿನ್ನ ಬುಟ್ಟೀಲಿ ಬಾಳೆಲೆ ಚೂರು ಇದ್ಯಾ?"

"ಇದೆ. ಯಾಕೆ?"

"ಹಿಡಿ. ಎಂಜಲಾಗಿಲ್ಲ, ನಾನಿನ್ನೂ ತಿಂದೇ ಇಲ್ಲ."

ದೊನ್ನೆ ಬಗ್ಗಿಸಿದ. ಬಿಸಿ ಹುಗ್ಗಿ ಜಾರುವಾಗ ಗೋಡಂಬಿಗಳೂ ಅದರ ಜೊತೆಗೇ ಜಾರಿ ಎಲೆಗೆ ಬಿದ್ದವು. ಅಯ್ಯೋ! ಪುಟ್ಟರಾಜುವಿನ ಕೈ ಥಟ್ಟನೆ ಮುಂದೆ ಹೋಯಿತು. ಅರ್ಧದಲ್ಲೇ ನಿಂತಿತು. ಆಮೇಲೆ ಆ ಕೈ ಮಫ್ಲರ್ ಸರಿಮಾಡಿಕೊಂಡು ವಾಪಸ್ ಬಂತು.

"ಎಷ್ಟು ಬಿಸಿ ಇದೆ!" ಎಂದು ಗೌರಿ ಎಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ನಕ್ಕಳು. ಪುಟ್ಟರಾಜುವಿಗೂ ನಗು ಬಂತು. ತಿಂದು ಕೈ ತೊಳೆದ ಮೇಲೆ ಅವಳು ಉಳಿದ ತುಳಸಿಯಲ್ಲಿ ಗಂಟು ಹಾಕುವುದನ್ನು ಹೇಳಿಕೊಟ್ಟಳು. ಅವನು ಕಟ್ಟಿದ್ದೆಲ್ಲ ಮೊದಮೊದಲು ಉದುರಿಹೋಯಿತು. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಗೇಣುದ್ದ ಮಾಲೆ ನಿಂತಿತು.

ಮನೆಗೆ ಬಂದಾಗ ತಾತ ಕೇಳಿದರು, "ಇವತ್ತು ಎಷ್ಟು ಗೋಡಂಬಿನೋ?"

ಪುಟ್ಟರಾಜು ತಲೆ ಕೆರೆದುಕೊಂಡ. "ಮೂರರವರೆಗೆ ಎಣಿಸಿದ್ದೆ ತಾತ. ಆಮೇಲೆ ಮರೆತೇಹೋಯ್ತು."

ತಾತ ಅವನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. "ಇದೇನೋ, ತುಳಸಿ ವಾಸನೆ?"

"ತಾತ, ನಾಳೆ ನನ್ನನ್ನ ಇನ್ನೂ ಬೇಗ ಎಬ್ಬಿಸ್ತೀರಾ? ಮೂರು ಜನ ಕಟ್ಟಿದ್ರೆ ಮಂಗಳಾರತಿಗೆ ಮೊದಲೇ ಮಾಲೆ ಮುಗಿಯುತ್ತೆ."